ಅನ್ಯಾಯದ ರಿವ್ಯೂಗೆ ಅಂಗಡಿಕಾರರು ಉತ್ತರ ಬರೆಯುವ ಬಗೆ: ಇಳಕಲ್‌ನ ಒಂದು ಸೀರೆ ಅಂಗಡಿಯ ಉದಾಹರಣೆಯೊಂದಿಗೆ

ಬಾಗಲಕೋಟೆ, ವಿಜಯಪುರ ಕಡೆಯ ಅಂಗಡಿಕಾರ ಓದುಗರಿಂದ ನಮಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ. ಗೂಗಲ್ ನಕ್ಷೆಯಲ್ಲಿ ನಮ್ಮ ಅಂಗಡಿಯ ಹೆಸರಿನ ಕೆಳಗೆ ಯಾರೋ ಒಂದು ನಕ್ಷತ್ರ ಕೊಟ್ಟು ಸುಳ್ಳು ಬರೆದಿದ್ದಾರೆ, ಇದನ್ನು ತೆಗೆಸುವುದು ಹೇಗೆ, ತೆಗೆಸಲು ಆಗದಿದ್ದರೆ ಏನೆಂದು ಬರೆಯಬೇಕು? ಎಲ್ಲ ಬಗೆಯ ರಿವ್ಯೂಗಳನ್ನೂ ಇಲ್ಲಿ ಚರ್ಚಿಸುವುದಿಲ್ಲ. ಅತಿ ಹೆಚ್ಚು ತೊಂದರೆ ಕೊಡುವ ಬಗೆಯೊಂದನ್ನೇ ತೆಗೆದುಕೊಳ್ಳುತ್ತೇನೆ. ಅದು ನಿಜವಾದ ಗಿರಾಕಿಯೇ ಬರೆದ, ಒಂದಿಷ್ಟು ನಿಜವೂ ಒಂದಿಷ್ಟು ತಪ್ಪೂ ಕಲೆತಿರುವ, ಆದರೆ ಕೊನೆಗೆ ‘ಮೋಸ’ ಎಂಬ ಮಾತಿನಿಂದ ಅಂಗಡಿಯ ಹೆಸರಿಗೆ ಪೆಟ್ಟು ಕೊಡುವ ರಿವ್ಯೂ.

ಇಳಕಲ್‌ನ ಒಂದು ಸೀರೆ ಅಂಗಡಿಯ ಪ್ರಸಂಗವನ್ನು ಆರಂಭದಿಂದ ಕೊನೆಯವರೆಗೂ ಜೊತೆಯಲ್ಲಿ ಇಟ್ಟುಕೊಳ್ಳೋಣ. ಅಂಗಡಿಯ ಯಜಮಾನರು ಒಂದು ಸಂಜೆ ಮೊಬೈಲಿನಲ್ಲಿ ಓದಿದ ರಿವ್ಯೂ ಇದು:

“ಸಿಲ್ಕ್ ಅಂತ ಹೇಳಿ ಡೂಪ್ಲಿಕೇಟ್ ಸೀರೆ ಕೊಟ್ಟಿದ್ದಾರೆ. ಮೊದಲ ಸಲ ತೊಳೆದಾಗಲೇ ಸೆರಗಿನ ಕೆಂಪು ಬಣ್ಣ ಒಡಲಿಗೆಲ್ಲ ಹತ್ತಿದೆ. ಫೋನ್ ಮಾಡಿದರೆ ಯಾರೂ ಎತ್ತಲ್ಲ. ಹೊರಗಿನಿಂದ ಬಂದವರಿಗೆ ಮೋಸ ಮಾಡೋ ಅಂಗಡಿ. ಯಾರೂ ಹೋಗಬೇಡಿ.”

ಬರೆದವರು ಕೂಡಲಸಂಗಮಕ್ಕೆ ಬಂದು, ಅಲ್ಲಿಂದ ಸೀರೆ ಕೊಳ್ಳಲೆಂದೇ ಇಳಕಲ್‌ಗೆ ಹೋಗಿದ್ದ ದೂರದ ಊರಿನ ಮಹಿಳೆ. ಯಜಮಾನರಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಯಿತು. ತಂದೆಯ ಕಾಲದಿಂದ ನಡೆದು ಬಂದ ಅಂಗಡಿಯ ಮುಂದೆ ‘ಮೋಸ’ ಎಂದು ಬರೆದರೆ ಆಗುವ ನೋವನ್ನು ಚಿಕ್ಕದೆಂದು ಯಾರೂ ಹೇಳಬಾರದು.

ಮೊದಲು ಕೈಯಲ್ಲಿ ಇರಬೇಕಾದವು

ಉತ್ತರ ಬರೆಯುವ ಹಕ್ಕು ನಿಮಗೆ ಬರಬೇಕಾದರೆ ಗೂಗಲ್‌ನಲ್ಲಿರುವ ಅಂಗಡಿಯ ಪುಟ ನಿಮ್ಮದೆಂದು ದೃಢಪಟ್ಟಿರಬೇಕು. ಈ ಪುಟದ ಹೆಸರು Business Profile. ಎಷ್ಟೋ ಅಂಗಡಿಗಳ ಪುಟವನ್ನು ಯಾರೋ ದಾರಿಹೋಕರು ನಕ್ಷೆಗೆ ಸೇರಿಸಿರುತ್ತಾರೆ, ಅದಕ್ಕೆ ಒಡೆಯರೇ ಇರುವುದಿಲ್ಲ. ನಿಮ್ಮ ಗೂಗಲ್ ಖಾತೆಯಲ್ಲಿದ್ದುಕೊಂಡು ಹುಡುಕುವ ಜಾಗದಲ್ಲಿ my business ಎಂದು ಟೈಪ್ ಮಾಡಿ ನೋಡಿ. ಪುಟ ನಿಮ್ಮ ಹೆಸರಿನಲ್ಲಿದ್ದರೆ ಅದನ್ನು ನಿಭಾಯಿಸುವ ಗುಂಡಿಗಳು ಕಾಣಿಸುತ್ತವೆ. ಕಾಣಿಸದಿದ್ದರೆ ನಕ್ಷೆಯಲ್ಲಿ ನಿಮ್ಮ ಅಂಗಡಿಯನ್ನು ತೆರೆದು, ಪುಟ ನನ್ನದೆಂದು ಹಕ್ಕು ಹೇಳುವ ಕೆಲಸವನ್ನು ಮೊದಲು ಮುಗಿಸಬೇಕು.

ಇದರ ಜೊತೆಗೆ ಬಿಲ್ ಪುಸ್ತಕದ ನಕಲು ಪ್ರತಿ, ಆ ದಿನದ ಯುಪಿಐ ಜಮೆಗಳ ಪಟ್ಟಿ ಮತ್ತು ಆ ಮಾಲು ನಿಮಗೆ ಬಂದಾಗಿನ ಖರೀದಿ ಚೀಟಿ ಬೇಕು. ಆ ದಿನ ಗಲ್ಲೆಯ ಮೇಲೆ ಮತ್ತು ಸೀರೆ ತೋರಿಸುವ ಜಾಗದಲ್ಲಿ ಕೂತಿದ್ದವರ ನೆನಪೂ ಒಂದು ದಾಖಲೆಯೇ. ಅದನ್ನು ಎಲ್ಲಕ್ಕಿಂತ ಮೊದಲು ಕೇಳಿ ಬರೆದಿಡಬೇಕು, ಏಕೆಂದರೆ ಮದುವೆಯ ದಿನಗಳಲ್ಲಿ ಒಂದು ವಾರದ ಹಿಂದಿನ ಗಿರಾಕಿಯ ಮುಖವೂ ಮರೆತುಹೋಗುತ್ತದೆ.

ಹಂತ 1: ಚಿತ್ರ ತೆಗೆದಿಡಿ, ಆ ದಿನ ಏನನ್ನೂ ಬರೆಯಬೇಡಿ

ರಿವ್ಯೂ ಕಂಡ ಕೂಡಲೇ ಅದರ ಸ್ಕ್ರೀನ್‌ಶಾಟ್ ತೆಗೆದು, ತೆಗೆದ ತಾರೀಖಿನೊಂದಿಗೆ ಇಟ್ಟುಕೊಳ್ಳಿ. ಬರೆದವರು ತಮ್ಮ ಮಾತನ್ನು ಯಾವಾಗ ಬೇಕಾದರೂ ತಿದ್ದಬಹುದು. ತಿದ್ದಿದ ಮೇಲೆ ಮೊದಲು ಏನಿತ್ತೆಂಬುದು ನಿಮಗೆ ಮತ್ತೆ ಸಿಗುವುದಿಲ್ಲ.

ಆ ರಾತ್ರಿ ಮಾಡಬಾರದ ಕೆಲಸಗಳು ಮೂರು. ಬಿಲ್ಲಿನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿ “ಯಾಕ ಹಿಂಗ ಬರದೀರಿ” ಎಂದು ಕೇಳಬೇಡಿ. ನಿಮ್ಮ ಮಾತು ಎಷ್ಟೇ ಮೆತ್ತಗಿದ್ದರೂ ಅದು ಆ ಕಡೆಯವರಿಗೆ ಬೆದರಿಕೆಯಂತೆ ಕೇಳಿಸುತ್ತದೆ, ಮತ್ತು ಮರುದಿನ ಆ ಫೋನ್ ಕರೆಯ ಸಂಗತಿಯೂ ರಿವ್ಯೂಗೆ ಸೇರಿಕೊಳ್ಳುತ್ತದೆ. ಅಳಿಯ, ಸೋದರಮಾವ, ಪಕ್ಕದ ಅಂಗಡಿಯವರಿಂದ ಐದು ನಕ್ಷತ್ರ ಹಾಕಿಸಬೇಡಿ. ಕೊಳ್ಳದವರು ಕೊಂಡಂತೆ ಬರೆಯುವುದನ್ನು ಗೂಗಲ್‌ನ ನಿಯಮಗಳು ನಿಷೇಧಿಸುತ್ತವೆ. ಅಲ್ಲದೆ ಒಂದೇ ರಾತ್ರಿಯಲ್ಲಿ ಬಂದ ಏಳೆಂಟು ಹೊಗಳಿಕೆಗಳನ್ನು ಓದುವ ಯಾರಿಗೂ ಅನುಮಾನ ಬರುತ್ತದೆ. ಮೂರನೆಯದಾಗಿ, ವಾಟ್ಸಾಪ್ ಗುಂಪಿನಲ್ಲಿ ಆ ರಿವ್ಯೂ ಹಾಕಿ ಬರೆದವರ ಹೆಸರು ತೋರಿಸಬೇಡಿ.

ಎಷ್ಟು ದಿನ ಕಾಯಬೇಕೆಂದು ಕೇಳುತ್ತೀರಿ. ಒಂದು ರಾತ್ರಿ ಸಾಕು, ಪರಿಶೀಲನೆಗೆ ಬೇಕಾದರೆ ಮೂರು ದಿನ. ಅದಕ್ಕಿಂತ ಹೆಚ್ಚು ತಡ ಮಾಡಿದರೆ ನಡುವೆ ಓದಿದ ಹೊಸ ಗಿರಾಕಿಗಳಿಗೆ ಒಂದು ಕಡೆಯ ಮಾತು ಮಾತ್ರ ಕಂಡಿರುತ್ತದೆ.

ಹಂತ 2: ರಿವ್ಯೂವನ್ನು ವಾಕ್ಯ ವಾಕ್ಯವಾಗಿ ಬಿಡಿಸಿ

ನನ್ನ ಅನುಭವದಲ್ಲಿ ಈ ಹಂತದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ‘ಮೋಸ’ ಎಂಬ ಒಂದು ಪದ ಕಣ್ಣಿಗೆ ಬಿದ್ದ ಮೇಲೆ ಉಳಿದ ವಾಕ್ಯಗಳನ್ನು ಓದುವ ತಾಳ್ಮೆ ಇರುವುದಿಲ್ಲ, ಇಡೀ ರಿವ್ಯೂ ಸುಳ್ಳೆಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆದ್ದರಿಂದ ಒಂದು ಕಾಗದದಲ್ಲಿ ಪ್ರತಿ ವಾಕ್ಯವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು, ಪ್ರತಿಯೊಂದರ ಮುಂದೆ ‘ನಡೆದದ್ದು’, ‘ಊಹೆ’, ‘ಅಭಿಪ್ರಾಯ’ ಎಂಬ ಮೂರರಲ್ಲಿ ಒಂದನ್ನು ಬರೆಯಿರಿ. ನಡೆದದ್ದನ್ನು ದಾಖಲೆಯಿಂದ ಪರೀಕ್ಷಿಸಬಹುದು. ಊಹೆಯೆಂದರೆ ನಡೆದದ್ದಕ್ಕೆ ಗಿರಾಕಿ ತಾವೇ ಕಟ್ಟಿಕೊಂಡ ಕಾರಣ. ಅಭಿಪ್ರಾಯ ಅವರ ಹಕ್ಕು, ಅದಕ್ಕೆ ಉತ್ತರ ಬೇಕಾಗಿಲ್ಲ.

ಇಳಕಲ್ ಅಂಗಡಿಯ ರಿವ್ಯೂದಲ್ಲಿ ಐದು ವಾಕ್ಯಗಳಿವೆ. ಸಿಲ್ಕ್ ಎಂದು ಹೇಳಿದರು ಎಂಬುದು, ಬಣ್ಣ ಹತ್ತಿತು ಎಂಬುದು, ಫೋನ್ ಎತ್ತಲಿಲ್ಲ ಎಂಬುದು ಮೂರೂ ‘ನಡೆದದ್ದು’ ಎಂಬ ಸಾಲಿಗೆ ಸೇರುತ್ತವೆ. ಹೊರಗಿನವರಿಗೆ ಮೋಸ ಮಾಡುತ್ತಾರೆ ಎಂಬುದು ಊಹೆ. ಯಾರೂ ಹೋಗಬೇಡಿ ಎಂಬುದು ಅಭಿಪ್ರಾಯ. ಹೀಗೆ ಬಿಡಿಸಿದಾಗ ಯಜಮಾನರಿಗೆ ಮೊದಲ ಬಾರಿಗೆ ಕಂಡದ್ದು, ತಮಗೆ ನೋವು ಕೊಟ್ಟದ್ದು ನಾಲ್ಕನೆಯ ವಾಕ್ಯವಾದರೂ ತಾವು ಉತ್ತರಿಸಬೇಕಾದದ್ದು ಮೊದಲ ಮೂರಕ್ಕೆ ಎಂಬ ಸಂಗತಿ.

ಹಂತ 3: ನಡೆದದ್ದನ್ನು ಪರೀಕ್ಷಿಸಿ

ಸುಲಭವಾದದ್ದರಿಂದ ಆರಂಭಿಸಿ. ಫೋನ್ ವಿಷಯಕ್ಕೆ ಯಜಮಾನರು ಮಗನ ಮೊಬೈಲಿನಿಂದ ಗೂಗಲ್ ಪುಟದಲ್ಲಿದ್ದ ನಂಬರಿಗೆ ತಾವೇ ಕರೆ ಮಾಡಿ ನೋಡಿದರು. ಅದು ಅವರ ತಂದೆಯ ಹಳೆಯ ನಂಬರ್, ಎಂದೋ ಬಂದ್ ಆಗಿತ್ತು. ಗಿರಾಕಿ ಹೇಳಿದ್ದು ಅಕ್ಷರಶಃ ನಿಜ, ತಪ್ಪು ಅಂಗಡಿಯದು. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಆದರೆ ಸಿಟ್ಟಿನಲ್ಲಿರುವಾಗ ಯಾರಿಗೂ ಇದು ನೆನಪಾಗುವುದಿಲ್ಲ. ನಂಬರನ್ನು ಆಗಲೇ ಸರಿಪಡಿಸಿ, ಉತ್ತರ ಬರೆಯುವವರೆಗೆ ಕಾಯಬೇಡಿ.

ಎರಡನೆಯದು ಬಿಲ್. ರಿವ್ಯೂ ಬಂದ ತಾರೀಖಿನಿಂದ ಹಿಂದಕ್ಕೆ ಹೋಗುತ್ತ ನಕಲು ಪ್ರತಿಗಳನ್ನು ನೋಡಿದಾಗ, ಆ ಹೆಸರಿಗೆ ಹೊಂದುವ ಬಿಲ್ ಒಂದು ಸಿಕ್ಕಿತು. ಅದರಲ್ಲಿ ‘ಇಳಕಲ್ ಚಮಕಾ – 1’ ಎಂದಿತ್ತು. ಚಮಕಾ ಎಂದರೆ ಕೃತಕ ರೇಷ್ಮೆ. ಇಳಕಲ್ ಸೀರೆಯ ಒಡಲನ್ನು ಹತ್ತಿಯಿಂದಲೂ, ಚಮಕಾದಿಂದಲೂ, ಶುದ್ಧ ರೇಷ್ಮೆಯಿಂದಲೂ ನೇಯುತ್ತಾರೆ. ಒಡಲಿನ ಉದ್ದಕ್ಕೆ ಓಡುವ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದು, ಕೆಂಪು ಸೆರಗಿನಲ್ಲಿ ಬಿಳಿಯ ತೋಪುತೆನೆ ವಿನ್ಯಾಸ ಬರುವುದು ಇಳಕಲ್ ಸೀರೆಯ ಗುರುತು. ಆದ್ದರಿಂದ ಸೀರೆ ‘ಡೂಪ್ಲಿಕೇಟ್’ ಅಲ್ಲ, ಇಳಕಲ್‌ನದೇ. ಆದರೆ ಅದು ಶುದ್ಧ ರೇಷ್ಮೆಯದೂ ಅಲ್ಲ, ಮತ್ತು ಅಂಗಡಿ ಶುದ್ಧ ರೇಷ್ಮೆಯ ಬೆಲೆ ತೆಗೆದುಕೊಂಡೂ ಇರಲಿಲ್ಲ.

ಖರೀದಿ ಚೀಟಿಯಲ್ಲಿ ಗೊಂದಲವಿದ್ದರೆ ಅದೇ ಗಂಟಿನ ಇನ್ನೊಂದು ಸೀರೆಯ ಅಂಚಿನಿಂದ ಒಂದು ಎಳೆ ತೆಗೆದು ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಿ. ಶುದ್ಧ ರೇಷ್ಮೆ ಸುಟ್ಟಾಗ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ರೇಯಾನ್ ಎಂಬ ಕೃತಕ ರೇಷ್ಮೆ ಕಾಗದದಂತೆ ಬೇಗ ಉರಿದು, ಕಾಗದ ಸುಟ್ಟ ವಾಸನೆ ಬಂದು, ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಒಡಲು, ಸೆರಗು, ಅಂಚು ಮೂರರ ಎಳೆಗಳೂ ಬೇರೆ ಬೇರೆ ಇರಬಹುದಾದ್ದರಿಂದ ಮೂರನ್ನೂ ಪ್ರತ್ಯೇಕವಾಗಿ ನೋಡಬೇಕು.

ಮೂರನೆಯದು, ಅಂಗಡಿಯಲ್ಲಿ ಆಡಿದ ಮಾತು. ಸೀರೆ ತೋರಿಸಿದ ಹುಡುಗನನ್ನು ಯಜಮಾನರು ಬೈಯದೆ, ಹತ್ತಿರ ಕೂರಿಸಿಕೊಂಡು, ಆಡಿದ ಮಾತುಗಳನ್ನೇ ಹೇಳೆಂದು ಕೇಳಿದರು. ಅವನು ಹೇಳಿದ್ದು ಇಷ್ಟು: “ಅಕ್ಕಾರು ‘ಇದು ಸಿಲ್ಕಾ’ ಅಂತ ಕೇಳಿದ್ರೀ ಕಾಕಾ. ನಾ ‘ಹೂನ್ರೀ ಅಕ್ಕಾರ, ಆರ್ಟ್ ಸಿಲ್ಕ್ ಐತಿ’ ಅಂದೆ. ನಾ ಸುಳ್ಳ ಹೇಳಿಲ್ರೀ.”

ಹುಡುಗ ಸುಳ್ಳು ಹೇಳಿರಲಿಲ್ಲ. ವ್ಯಾಪಾರದಲ್ಲಿ ‘ಆರ್ಟ್ ಸಿಲ್ಕ್’ ಎಂದರೆ ಕೃತಕ ರೇಷ್ಮೆ, ಆರ್ಟಿಫಿಶಿಯಲ್ ಎಂಬ ಪದವನ್ನು ಮೊಟಕು ಮಾಡಿದ್ದು. ಆದರೆ ಹೊರಗಿನಿಂದ ಬಂದ ಗಿರಾಕಿಗೆ ಆರ್ಟ್ ಎಂದರೆ ಕಲೆ, ಆರ್ಟ್ ಸಿಲ್ಕ್ ಎಂದರೆ ಯಾವುದೋ ಕುಸುರಿ ಕೆಲಸದ ರೇಷ್ಮೆ. ಅದಕ್ಕೂ ಮೊದಲು ಹುಡುಗನ ಬಾಯಿಂದ ‘ಹೂನ್ರೀ’ ಎಂದು ಬಂದಿತ್ತು. ಬಿಲ್ಲಿನಲ್ಲಿದ್ದ ‘ಚಮಕಾ’ ಎಂಬ ಪದವೂ ಅವರಿಗೆ ಏನನ್ನೂ ತಿಳಿಸಲಿಲ್ಲ. ಮನೆಗೆ ಹೋಗಿ ಬಲ್ಲವರಿಗೆ ತೋರಿಸಿದಾಗ ‘ಇದು ರೇಷ್ಮೆ ಅಲ್ಲ’ ಎಂದರೆ ಅವರು ಮೋಸವೆಂದು ತಿಳಿಯದೆ ಇನ್ನೇನು ತಿಳಿದಾರು? ಅವರು ಅಂಗಡಿಗೆ ಮಾಡಿದ್ದು ಅನ್ಯಾಯವೇ ಸರಿ, ಆದರೆ ಅವರಿಗೆ ತಪ್ಪು ತಿಳಿವಳಿಕೆ ಬಂದದ್ದು ಅಂಗಡಿಯ ಮಾತಿನಿಂದಲೇ.

ಕೊನೆಯದು ಬಣ್ಣ. ಗಿರಾಕಿಯ ಸೀರೆ ಕಣ್ಣ ಮುಂದೆ ಇಲ್ಲದಿರುವಾಗ “ನಮ್ಮ ಸೀರೆ ಬಣ್ಣ ಬಿಡುವುದಿಲ್ಲ” ಎಂದು ಬರೆಯಬೇಡಿ. ಅದೇ ಗಂಟಿನ ಸೀರೆಯೊಂದರ ಸೆರಗಿನ ತುದಿಯನ್ನು ಬಿಳಿಯ ಹತ್ತಿ ಬಟ್ಟೆಯ ಜೊತೆಗೆ ಹತ್ತು ನಿಮಿಷ ತಣ್ಣೀರಿನಲ್ಲಿ ಇಟ್ಟು ಹಿಂಡಿ ನೋಡಿ, ಆಮೇಲೆ ಬೇರೆ ನೀರಿನಲ್ಲಿ ಸೋಪಿನ ಪುಡಿ ಹಾಕಿ ಅದೇ ಪರೀಕ್ಷೆ ಮಾಡಿ. ಯಜಮಾನರು ಮಾಡಿದಾಗ ತಣ್ಣೀರಿನಲ್ಲಿ ಬಿಳಿಯ ಬಟ್ಟೆಗೆ ನಸುಗೆಂಪು ಮಾತ್ರ ಹತ್ತಿತು, ಸೋಪಿನ ನೀರಿನಲ್ಲಿ ಚೆನ್ನಾಗಿಯೇ ಹತ್ತಿತು. ಅಂದರೆ ಗಿರಾಕಿ ಹೇಳಿದ್ದು ನಡೆದಿರಲು ಸಾಧ್ಯ. ಮೊದಲ ಸಲ ಬೇರೆಯಾಗಿ, ಸೋಪಿಲ್ಲದೆ, ನೆನೆಹಾಕದೆ ತಣ್ಣೀರಿನಲ್ಲಿ ಜಾಲಾಡಬೇಕೆಂದು ಇಳಕಲ್ ಸೀರೆ ಉಡುವ ಮನೆಗಳಲ್ಲಿ ಗೊತ್ತಿರುತ್ತದೆ, ಆದರೆ ಈ ಗಿರಾಕಿಗೆ ಯಾರೂ ಹೇಳಿರಲಿಲ್ಲ. ತಣ್ಣೀರಿನಲ್ಲಿಯೇ ದಟ್ಟವಾಗಿ ಬಣ್ಣ ಬಿಟ್ಟರೆ ಮಾತು ಬೇರೆ. ಆಗ ಆ ಗಂಟನ್ನು ಮಾರುವುದನ್ನು ನಿಲ್ಲಿಸಿ, ಕೊಟ್ಟವರಿಗೆ ತಿಳಿಸಬೇಕು.

ಹಂತ 4: ತೆಗೆಸುವುದೋ, ಸುಮ್ಮನಿರುವುದೋ, ಉತ್ತರಿಸುವುದೋ

ಪ್ರತಿ ರಿವ್ಯೂದ ಪಕ್ಕದಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿದರೆ Report review ಎಂಬ ಆಯ್ಕೆ ಬರುತ್ತದೆ. ಇದರಿಂದ ತೆಗೆಸಬಹುದಾದವು ಯಾವುವೆಂಬುದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಅಂಗಡಿಗೆ ಬಾರದೆಯೇ ಬರೆದದ್ದು, ಪೈಪೋಟಿಯ ಅಂಗಡಿಯವರು ಅಥವಾ ಬಿಟ್ಟುಹೋದ ಕೆಲಸಗಾರರು ಬರೆದದ್ದು, ಅಶ್ಲೀಲ ಬೈಗುಳ, ಜಾತಿ–ಧರ್ಮದ ನಿಂದೆ, ಬೆದರಿಕೆ, ಯಾರದೋ ಖಾಸಗಿ ವಿವರ, ಅಂಗಡಿಗೆ ಸಂಬಂಧವಿಲ್ಲದ ರಾಜಕೀಯ ಮಾತು ಇಂಥವು ಗೂಗಲ್‌ನ ನಿಯಮಕ್ಕೆ ವಿರುದ್ಧ. ಆದರೆ ನಿಜವಾದ ಗಿರಾಕಿ ತಾನು ಕಂಡದ್ದೆಂದು ಬರೆದುದರಲ್ಲಿ ಯಾರು ಸರಿ, ಯಾರು ತಪ್ಪು ಎಂಬ ಪಂಚಾಯಿತಿಯನ್ನು ಗೂಗಲ್ ಮಾಡುವುದಿಲ್ಲ. ‘ಇದು ಸುಳ್ಳು’ ಎಂಬುದಷ್ಟೇ ನಿಮ್ಮ ದೂರಾದರೆ ‘ನಿಯಮ ಮೀರಿಲ್ಲ’ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ದೂರು ತಳ್ಳಿಹಾಕಲ್ಪಟ್ಟರೆ ಒಂದು ಬಾರಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಆ ಒಂದು ಅವಕಾಶವನ್ನು ಸಿಟ್ಟಿನ ಮಾತಿಗೆ ಖರ್ಚು ಮಾಡದೆ, ಯಾವ ನಿಯಮ ಹೇಗೆ ಮುರಿದಿದೆ ಎಂಬುದಕ್ಕೆ ಬಳಸಬೇಕು.

ಇಳಕಲ್‌ನ ಪ್ರಸಂಗದಲ್ಲಿ ಬಿಲ್ ಸಿಕ್ಕಿತ್ತು, ಬರೆದವರು ಗಿರಾಕಿಯೆಂಬುದು ಖಚಿತವಾಗಿತ್ತು. ತೆಗೆಸುವ ದಾರಿ ಅಲ್ಲಿಗೆ ಮುಚ್ಚಿತು. ಹೀಗಿರುವಾಗಲೂ ‘ನಕಲಿ ರಿವ್ಯೂ’ ಎಂದು ದೂರು ಕೊಡುವವರಿದ್ದಾರೆ. ಅದು ನಾವೇ ಇನ್ನೊಬ್ಬರ ಮೇಲೆ ಮಾಡುವ ಅನ್ಯಾಯ.

ಕಾನೂನಿನ ಮಾತನ್ನೂ ಓದುಗರು ಕೇಳುತ್ತಾರೆ. ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಇದೆ, ಸದುದ್ದೇಶದಿಂದ ಆಡಿದ ಮಾತಿಗೆ ಅದರಲ್ಲಿಯೇ ವಿನಾಯಿತಿಗಳೂ ಇವೆ. ಒಂದು ಸೀರೆಯ ರಿವ್ಯೂಗೆ ವಕೀಲರ ನೋಟಿಸ್ ಕಳುಹಿಸುವುದು ನನಗೆ ಸರಿಕಾಣುವುದಿಲ್ಲ. ಅದಕ್ಕಿಂತ ನೀವು ತಿಳಿದಿರಬೇಕಾದದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸರಕಿನ ಗುಣಮಟ್ಟವನ್ನೋ, ಅದು ಯಾವುದರಿಂದ ಆಗಿದೆ ಎಂಬುದನ್ನೋ ತಪ್ಪಾಗಿ ಹೇಳಿ ಮಾರುವುದು ಆ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. ‘ಮಾರಿದ ಮಾಲು ವಾಪಸ್ ಇಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ್ದೇವೆ, ಆದ್ದರಿಂದ ನಮ್ಮ ಜವಾಬ್ದಾರಿ ಮುಗಿಯಿತು ಎಂದು ರಿವ್ಯೂಗೆ ಉತ್ತರ ಬರೆಯುವವರು ಈ ಮಾತನ್ನು ಗಮನಿಸಬೇಕು. ನೀವು ಬರೆದ ಉತ್ತರವನ್ನು ನಾಳೆ ಗ್ರಾಹಕರ ಆಯೋಗದ ಮುಂದೆ ಓದಿ ತೋರಿಸಬಹುದು.

ಸುಮ್ಮನಿರುವುದು ಯಾವಾಗ ಸರಿ? ಮಾತೇ ಇಲ್ಲದ ಬರಿಯ ಒಂದು ನಕ್ಷತ್ರವಿದ್ದು, ಬರೆದವರು ಯಾರೆಂದು ಗುರುತು ಹತ್ತದಿದ್ದರೆ ಬಿಟ್ಟುಬಿಡಬಹುದು. ನಡೆದ ಸಂಗತಿಗಳನ್ನು ಹೇಳಿರುವ ರಿವ್ಯೂಗೆ ಉತ್ತರವಿಲ್ಲದಿದ್ದರೆ ಓದಿದವರು ಅದನ್ನು ಒಪ್ಪಿಗೆಯೆಂದೇ ತಿಳಿಯುತ್ತಾರೆ.

ಹಂತ 5: ಉತ್ತರ ಬರೆಯುವುದು

ಉತ್ತರ ಹೋಗುವುದು ರಿವ್ಯೂ ಬರೆದವರಿಗೆ, ಆದರೆ ಅದನ್ನು ಹೆಚ್ಚಾಗಿ ಓದುವವರು ಮುಂದಿನ ವಾರ ಇಳಕಲ್‌ಗೆ ಬರಬೇಕೆಂದಿರುವ ಬೇರೆ ಯಾರೋ. ಇವರಿಗೆ ಜಗಳದಲ್ಲಿ ಆಸಕ್ತಿಯಿಲ್ಲ. ನಾಳೆ ನನ್ನ ಸೀರೆಯ ಬಣ್ಣ ಬಿಟ್ಟರೆ ಈ ಅಂಗಡಿಯವರು ನನ್ನೊಡನೆ ಹೇಗೆ ಮಾತಾಡುತ್ತಾರೆ ಎಂಬುದೊಂದನ್ನೇ ಅವರು ನೋಡುತ್ತಾರೆ.

ಯಜಮಾನರು ಮೊದಲು ಬರೆದದ್ದು ಹೀಗಿತ್ತು: “ನೀವು ಕೊಟ್ಟ 1,450 ರೂಪಾಯಿಗೆ ಶುದ್ಧ ರೇಷ್ಮೆ ಸೀರೆ ಎಲ್ಲಿ ಸಿಗುತ್ತದೆ? ಬಿಲ್ ನೋಡಿ ಮಾತಾಡಿ. ನಮ್ಮದು ಮೂರು ತಲೆಮಾರಿನ ಅಂಗಡಿ.” ಇದರಲ್ಲಿ ಸುಳ್ಳಿಲ್ಲ, ಆದರೂ ಮೂರು ಕಡೆ ಎಡವಿದ್ದಾರೆ. ಗಿರಾಕಿ ಕೊಟ್ಟ ಹಣವನ್ನು ಊರೆಲ್ಲರ ಮುಂದೆ ಹೇಳಿದ್ದಾರೆ, ಅದು ಅವರ ಖಾಸಗಿ ವಿಷಯ. ಬೆಲೆ ತಿಳಿಯದ್ದು ಗಿರಾಕಿಯ ದಡ್ಡತನ ಎಂಬ ಧ್ವನಿ ಇದೆ, ಮತ್ತು ಅದನ್ನು ಓದುವ ಹೊಸ ಗಿರಾಕಿಗೂ ಬೆಲೆ ತಿಳಿಯದು. ಫೋನ್ ಮತ್ತು ಬಣ್ಣದ ಮಾತಿಗೆ ಉತ್ತರವೇ ಇಲ್ಲ.

ಮಗ ಬರೆದುಕೊಟ್ಟ ಎರಡನೆಯದು “ನಿಮಗಾದ ಅನಾನುಕೂಲಕ್ಕೆ ಕ್ಷಮೆ ಕೋರುತ್ತೇವೆ, ನಮ್ಮ ಸೇವೆಯನ್ನು ಉತ್ತಮಪಡಿಸುತ್ತೇವೆ” ಎಂಬ ಸಿದ್ಧ ಮಾತು. ಇದನ್ನು ಓದಿದವರು ಡೂಪ್ಲಿಕೇಟ್ ಮಾರಿದ್ದನ್ನು ಒಪ್ಪಿಕೊಂಡರು ಎಂದುಕೊಳ್ಳುತ್ತಾರೆ. ಯಾವುದಕ್ಕೆ ಕ್ಷಮೆ ಎಂದು ಹೇಳದೆ ಕ್ಷಮೆ ಕೇಳಬಾರದು.

ಎರಡು ದಿನಗಳ ನಂತರ, ಪರಿಶೀಲನೆ ಮುಗಿಸಿ ಅವರು ಹಾಕಿದ ಉತ್ತರ ಇದು:

“ನಮಸ್ಕಾರ. ಇಲ್ಲಿ ನಮ್ಮ ಅಂಗಡಿಯ ಹಳೆಯ ಫೋನ್ ನಂಬರ್ ಉಳಿದುಬಿಟ್ಟಿತ್ತು, ನಿಮ್ಮ ಕರೆ ನಮಗೆ ಮುಟ್ಟಲಿಲ್ಲ. ಅದು ನಮ್ಮ ತಪ್ಪು, ಈಗ ಸರಿಯಾದ ನಂಬರ್ ಹಾಕಿದ್ದೇವೆ. ನಮ್ಮ ಅಂಗಡಿಯಲ್ಲಿ ‘ಚಮಕಾ’ ಅಥವಾ ‘ಆರ್ಟ್ ಸಿಲ್ಕ್’ ಎಂದು ಮಾರುವ ಇಳಕಲ್ ಸೀರೆ ಕೃತಕ ರೇಷ್ಮೆಯದು, ಅದನ್ನು ಶುದ್ಧ ರೇಷ್ಮೆಯೆಂದು ನಾವು ಮಾರುವುದಿಲ್ಲ. ಆದರೆ ಹೊರಗಿನಿಂದ ಬಂದವರಿಗೆ ಆ ಮಾತು ರೇಷ್ಮೆ ಎಂದೇ ಕೇಳಿಸುತ್ತದೆ ಎಂಬುದು ನಮಗೆ ಹೊಳೆದಿರಲಿಲ್ಲ, ಬಿಡಿಸಿ ಹೇಳಬೇಕಾಗಿತ್ತು. ಬಣ್ಣ ಹತ್ತಿದ ಸೀರೆಯನ್ನು ದಯವಿಟ್ಟು ಕಳುಹಿಸಿ, ಕೊರಿಯರ್ ಖರ್ಚು ನಮ್ಮದು. ನೋಡಿ, ಬದಲಿ ಸೀರೆ ಅಥವಾ ಹಣ, ನಿಮಗೆ ಬೇಕಾದದ್ದನ್ನು ಕೊಡುತ್ತೇವೆ. — ಅಂಗಡಿಯ ಯಜಮಾನ”

ಇದರ ಕಟ್ಟಡವನ್ನು ಗಮನಿಸಿ. ಸಂಪೂರ್ಣವಾಗಿ ತಮ್ಮದೇ ಆದ ತಪ್ಪನ್ನು ಮೊದಲು ಇಟ್ಟಿದ್ದಾರೆ, ಅದರಿಂದ ಮುಂದಿನ ಮಾತನ್ನು ನಂಬಲು ಓದುಗರಿಗೆ ಕಾರಣ ಸಿಗುತ್ತದೆ. ‘ಶುದ್ಧ ರೇಷ್ಮೆಯೆಂದು ಮಾರುವುದಿಲ್ಲ’ ಎಂಬ ನಿರಾಕರಣೆಯನ್ನು ಒಂದೇ ಬಾರಿ, ಒತ್ತಿ ಹೇಳದೆ ಹೇಳಿದ್ದಾರೆ. ‘ನಿಮ್ಮ ಬಿಲ್ಲಿನಲ್ಲಿ’ ಎನ್ನದೆ ‘ನಮ್ಮ ಅಂಗಡಿಯಲ್ಲಿ’ ಎಂದಿರುವುದರಿಂದ ಗಿರಾಕಿ ಏನು ಕೊಂಡರು, ಎಷ್ಟು ಕೊಟ್ಟರು ಎಂಬುದು ಹೊರಬಿದ್ದಿಲ್ಲ. ಬಣ್ಣದ ವಿಷಯದಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ, ಏಕೆಂದರೆ ಸೀರೆಯನ್ನು ಅವರಿನ್ನೂ ನೋಡಿಲ್ಲ. ‘ಮೋಸ’ ಎಂಬ ಪದವನ್ನು ಉತ್ತರದಲ್ಲಿ ಎಲ್ಲಿಯೂ ಮತ್ತೆ ಬಳಸಿಲ್ಲ. ಹುಡುಗನ ಮೇಲೂ ತಪ್ಪು ಹೊರಿಸಿಲ್ಲ.

ಉತ್ತರವನ್ನು ರಿವ್ಯೂ ಬಂದ ಭಾಷೆಯಲ್ಲಿಯೇ ಬರೆಯಿರಿ. ಬರೆದು, ಮನೆಯಲ್ಲಿ ವ್ಯಾಪಾರಕ್ಕೆ ಸಂಬಂಧವಿಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ತೋರಿಸಿ, ಅವರಿಗೆ ಚುಚ್ಚಿದಂತೆ ಕೇಳಿಸಿದ ವಾಕ್ಯವನ್ನು ತೆಗೆಯಿರಿ. ಆಮೇಲೆ Reply ಒತ್ತಿ ಹಾಕಿ. ಉತ್ತರ ಕೂಡಲೇ ಕಾಣಿಸದಿದ್ದರೆ ಮತ್ತೆ ಮತ್ತೆ ಹಾಕಬೇಡಿ, ಗೂಗಲ್ ಅದನ್ನು ಪರಿಶೀಲಿಸಿ ಪ್ರಕಟಿಸಲು ಸಮಯ ತೆಗೆದುಕೊಳ್ಳಬಹುದು.

ಬಿಲ್ ಪುಸ್ತಕದಲ್ಲಿ ಎಷ್ಟು ಹುಡುಕಿದರೂ ಆ ಗಿರಾಕಿ ಸಿಗದಿದ್ದರೆ ‘ನೀವು ನಮ್ಮ ಗಿರಾಕಿಯೇ ಅಲ್ಲ’ ಎಂದು ಬರೆಯಬೇಡಿ. ಬಿಲ್ ಬೇರೆಯವರ ಹೆಸರಿನಲ್ಲಿರಬಹುದು, ಗಂಡನ ಯುಪಿಐನಿಂದ ಹಣ ಬಂದಿರಬಹುದು. ‘ಈ ವಿವರಕ್ಕೆ ಹೊಂದುವ ಬಿಲ್ ನಮಗೆ ಸಿಕ್ಕಿಲ್ಲ, ದಯವಿಟ್ಟು ಬಿಲ್ಲಿನ ಚಿತ್ರವನ್ನು ಅಂಗಡಿಯ ನಂಬರಿಗೆ ಕಳುಹಿಸಿ’ ಎಂದಷ್ಟೇ ಬರೆದರೆ ನಿಜವಾದ ಗಿರಾಕಿಗೆ ದಾರಿ ಸಿಗುತ್ತದೆ, ಬಾರದೆ ಬರೆದವರು ಯಾರೆಂಬುದು ಓದುವವರಿಗೆ ತಾನಾಗಿ ತಿಳಿಯುತ್ತದೆ.

ಹಂತ 6: ಉತ್ತರ ಹಾಕಿದ ಮೇಲೆ

ಉತ್ತರ ಬಂದ ಸೂಚನೆ ರಿವ್ಯೂ ಬರೆದವರಿಗೆ ತಲುಪುತ್ತದೆ. ಅವರು ಮತ್ತೆ ಸಿಟ್ಟಿನಿಂದ ತಿದ್ದಿ ಬರೆದರೆ ವಾದ ಬೆಳೆಸಬೇಡಿ, ಹೊಸ ಸಂಗತಿ ಏನಾದರೂ ಇದ್ದರೆ ಅದಕ್ಕೆ ಮಾತ್ರ ಉತ್ತರ ಸೇರಿಸಿ. ಅವರು ಫೋನ್ ಮಾಡಿದರೆ ಸೀರೆಯ ವಿಷಯ ಮಾತ್ರ ಮಾತಾಡಿ. ‘ಹಣ ಕೊಡುತ್ತೇವೆ, ರಿವ್ಯೂ ತೆಗೆಯಿರಿ’ ಎಂದು ಕೇಳುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಅಷ್ಟೇ ಅಲ್ಲ, ಆ ಒಂದು ಮಾತಿನಿಂದ ನೀವು ಕೊಡುತ್ತಿರುವ ನ್ಯಾಯವಾದ ಪರಿಹಾರವೂ ಲಂಚದಂತೆ ಕಾಣುತ್ತದೆ.

ನಾಲ್ಕು ದಿನಗಳ ನಂತರ ಆ ಮಹಿಳೆ ಫೋನ್ ಮಾಡಿದರು. ಸೀರೆ ಕೊರಿಯರಿನಲ್ಲಿ ಬಂತು. ಸೆರಗಿನ ಕೆಂಪು ಹತ್ತಿರದ ಒಡಲಿಗೆ ಗೇಣಗಲ ಹತ್ತಿತ್ತು, ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದ್ದಾಗಿ ಅವರೇ ಹೇಳಿದರು. ಹೀಗಾದಾಗ ತಪ್ಪು ಯಾರದೆಂದು ಪಾಲು ಹಂಚಲು ಕೂರುವುದಕ್ಕಿಂತ, ತೊಳೆಯುವ ಬಗೆಯನ್ನು ನಾವು ಹೇಳಿರಲಿಲ್ಲ ಎಂಬುದನ್ನು ಒಪ್ಪಿ ಬದಲಿ ಕೊಡುವುದು ಒಳ್ಳೆಯದು, ಯಜಮಾನರು ಹಾಗೆಯೇ ಮಾಡಿದರು. ಆ ಮಹಿಳೆ ಹಣ ಕೇಳಲಿಲ್ಲ, ಹತ್ತಿಯ ಒಡಲಿನ ಸೀರೆ ಕೇಳಿದರು.

ಅದೇ ವಾರ ಅಂಗಡಿಯ ಬಿಲ್ ಪುಸ್ತಕಕ್ಕೆ ಹೊಸ ರಬ್ಬರ್ ಮುದ್ರೆಯೊಂದು ಬಂತು: ‘ಚಮಕಾ = ಕೃತಕ ರೇಷ್ಮೆ. ಮೊದಲ ಸಲ ಬೇರೆಯಾಗಿ, ಸೋಪಿಲ್ಲದೆ, ತಣ್ಣೀರಿನಲ್ಲಿ ಜಾಲಾಡಿ. ನೆನೆಹಾಕಬೇಡಿ.’ ಹುಡುಗನಿಗೆ ಕಲಿಸಿದ ಮಾತೂ ಬದಲಾಯಿತು. ಯಾರಾದರೂ ‘ಇದು ಸಿಲ್ಕಾ’ ಎಂದು ಕೇಳಿದರೆ ಅವನೀಗ “ಅಲ್ರೀ ಅಕ್ಕಾರ, ಇದು ಚಮಕಾ. ರೇಷ್ಮಿ ಬೇಕಂದ್ರ ಬ್ಯಾರೆ ತೋರಸ್ತೀನ್ರೀ” ಎನ್ನುತ್ತಾನೆ.

ರಿವ್ಯೂ ಹೋಗಲಿಲ್ಲ. ಬರೆದವರು ಅದನ್ನು ತಾವಾಗಿಯೇ ತಿದ್ದಿ, ಒಂದು ನಕ್ಷತ್ರವನ್ನು ಮೂರು ಮಾಡಿ, ‘ಡೂಪ್ಲಿಕೇಟ್’ ಮತ್ತು ‘ಮೋಸ’ ಎಂಬ ಪದಗಳನ್ನು ತೆಗೆದರು, ಬಣ್ಣ ಹತ್ತಿದ ಮಾತನ್ನು ಉಳಿಸಿಕೊಂಡರು. ಇಲ್ಲೊಂದು ಸಣ್ಣ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ರಿವ್ಯೂ ತಿದ್ದಿದರೂ ನಿಮ್ಮ ಹಳೆಯ ಉತ್ತರ ಹಾಗೆಯೇ ಅದರ ಕೆಳಗೆ ಉಳಿಯುತ್ತದೆ, ಆಗ ಯಾರೂ ಹೊರಿಸದ ಆರೋಪಕ್ಕೆ ನೀವು ಸಮಜಾಯಿಷಿ ಕೊಡುತ್ತಿರುವಂತೆ ಕಾಣುತ್ತದೆ. ಯಜಮಾನರು ಉತ್ತರವನ್ನು ತೆರೆದು ರೇಷ್ಮೆಯ ಎರಡು ವಾಕ್ಯಗಳನ್ನು ತೆಗೆದು, ಸೆರಗನ್ನು ಮೊದಲ ಸಲ ತೊಳೆಯುವ ಬಗೆಯನ್ನು ಆ ಜಾಗದಲ್ಲಿ ಬರೆದರು.